ಬುಡದ ಕೋನಕ್ಕೆ ಚಿಹ್ನೆ ಇಲ್ಲದ ನೋಟ್ಸು

ತಂಗಿ,

ಮೊನ್ನೆ ಗೋಣಿಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ನೋಟ್ಸ್ ಇಸ್ಕೊಂಡು ಹೊರಟವಳು, "ಇದನ್ನ ಹಾಗೇ ರೆಕಾರ್ಡಿಗೆ ಇಳಿಸಿದ್ರೆ ಸಾಕಾ ಅಕ್ಕಾ?" ಎಂದು ಕೇಳಿದೆ. ಅಷ್ಟರಲ್ಲಿ ನಿನ್ನ ಬಸ್ ಬಂತು. "ನೋಡ್ಕೊಂಡು ಇಳಿಸು" ಎಂದಷ್ಟೇ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ, ಏನು ನೋಡ್ಕೊಬೇಕು ಅಂತ ಹೇಳಲೇ ಇಲ್ಲವಲ್ಲ ಅನ್ನಿಸಿತು. ನನಗೆ ಆ ನೋಟ್ಸ್ ಕೊಟ್ಟ ಅಣ್ಣನೂ ಇದೇ ಮಾತು ಹೇಳಿ ಕಳಿಸಿದ್ದ. ಅದರ ಅರ್ಥ ತಿಳಿಯಲು ನನಗೆ ಒಂದು ಸಿಲ್ವರ್ ಓಕ್ ಮರ, ಗೆಳತಿಯ ಜೊತೆ ಎರಡು ದಿನದ ಜಗಳ, ರೆಕಾರ್ಡಿನಲ್ಲಿ ಒಂದು ಕೆಂಪು ವೃತ್ತ ಎಲ್ಲ ಬೇಕಾಯಿತು. ಆ ಕಥೆ ಬರೆಯುತ್ತೇನೆ. ಮಿಕ್ಕದ್ದು ನೋಟ್ಸಿನಲ್ಲೇ ಇದೆ.

ನಿನ್ನ ಕೈಯಲ್ಲಿರುವುದು ಮರದ ಅಳತೆಯ ಪ್ರಾಕ್ಟಿಕಲ್ ನೋಟ್ಸು. ನೀಲಿ ರಟ್ಟಿನ ಪುಸ್ತಕ, ಮಳೆಗಾಲದಲ್ಲಿ ನೆನೆದು ಉಬ್ಬಿದ್ದು. ಅದರ ಒಂಬತ್ತನೇ ಪುಟ ತೆಗೆದರೆ ಅಣ್ಣನ ಕೈಬರಹದಲ್ಲಿ ಮರದ ಎತ್ತರ ಅಳೆಯುವ ಸೂತ್ರ ಇದೆ. ಸುತ್ತ ಚೌಕ ಹಾಕಿ, ಕೆಳಗೆ ಎರಡು ಗೆರೆ ಎಳೆದಿದ್ದಾನೆ:

```
h = d × (tan a + tan b)
```

d ಅಂದರೆ ಮರಕ್ಕೂ ನಮಗೂ ಇರುವ ದೂರ, a ತುದಿಯ ಕೋನ, b ಬುಡದ ಕೋನ. ಅದರ ಕೆಳಗೆ ಒಂದು ಕೋಷ್ಟಕ, 24 ಮರಗಳ ಲೆಕ್ಕ. ನಾನು ಮೊದಲ ಸಲ ನೋಡಿದಾಗ ಎಷ್ಟು ಖುಷಿಪಟ್ಟೆ ಅಂದರೆ, ಪಠ್ಯಪುಸ್ತಕದ ಆ ಅಧ್ಯಾಯವನ್ನು ತೆರೆಯಲೇ ಇಲ್ಲ. ಒಂದೇ ಸಾಲಿನಲ್ಲಿ ಮುಗಿದಿದೆಯಲ್ಲ!

ಜನವರಿಯಲ್ಲಿ ನಮ್ಮನ್ನು ಸಿದ್ದಾಪುರದ ಕಡೆಯ ಒಂದು ತೋಟಕ್ಕೆ ಕರೆದುಕೊಂಡು ಹೋದರು. ರೋಬಸ್ಟಾ ತೋಟ, ಹಣ್ಣು ಕೊಯ್ಯುವ ಕಾಲ, ಎಲ್ಲ ಕಡೆ ಚೀಲ ಹೊತ್ತ ಜನ. ನಾಲ್ಕು ಜನರ ಗುಂಪು ಮಾಡಿ, ಗುಂಪಿಗೊಂದು ಏಬ್ನಿ ಲೆವೆಲ್, ಒಂದು ಟೇಪು ಕೊಟ್ಟು ಇಳಿಜಾರಿನ ಒಂದು ತುಂಡಿನಲ್ಲಿ ಬಿಟ್ಟರು. ಅಲ್ಲಿರುವ ಸಿಲ್ವರ್ ಓಕ್‌ಗಳನ್ನೆಲ್ಲ ಅಳೆಯಬೇಕು. ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರು. ಸುತ್ತಳತೆ ತೆಗೆಯಬೇಕಾದರೆ ಟೇಪನ್ನು ಬಳ್ಳಿಯ ಒಳಗಿಂದ ತೂರಿಸಬೇಕು. ಬಳ್ಳಿಯ ಮೇಲೆ ಸುತ್ತಿದರೆ ಮರ ಇದ್ದಕ್ಕಿಂತ ದಪ್ಪ ಕಾಣುತ್ತದೆ, ಜೋರಾಗಿ ಎಳೆದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಕೂಗುತ್ತಾರೆ.

ಏಬ್ನಿ ಲೆವೆಲ್ ನೀನು ಇನ್ನೂ ಹಿಡಿದಿಲ್ಲ ಅಲ್ವಾ? ಚಿಕ್ಕ ಹಿತ್ತಾಳೆ ಕೊಳವೆ. ಅದರ ಮೇಲೆ ನೀರ್ಮಟ್ಟದ ಗುಳ್ಳೆ, ಪಕ್ಕದಲ್ಲಿ ಡಿಗ್ರಿ ಕೊರೆದ ಅರ್ಧಚಂದ್ರ. ಕೊಳವೆಯ ಒಳಗಿನ ಗೆರೆಯನ್ನು ಮರದ ತುದಿಗೆ ಹಿಡಿದು, ಗುಳ್ಳೆ ಆ ಗೆರೆಯ ಮೇಲೆ ಬಂದು ಕೂರುವವರೆಗೆ ತಿರುಪು ತಿರುಗಿಸಬೇಕು. ಆಮೇಲೆ ಅರ್ಧಚಂದ್ರದ ಮೇಲೆ ಮುಳ್ಳು ಎಲ್ಲಿ ನಿಂತಿದೆ ಅಂತ ಓದಬೇಕು. ಮುಖ್ಯವಾದ ಮಾತು ಇಲ್ಲಿದೆ: ಸೊನ್ನೆ ಆ ಅರ್ಧಚಂದ್ರದ ನಡುವೆ ಇರುತ್ತದೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ನೋಡಿದರೆ ಮುಳ್ಳು ಒಂದು ಕಡೆಗೆ, ಕೆಳಗೆ ನೋಡಿದರೆ ಇನ್ನೊಂದು ಕಡೆಗೆ ಹೋಗುತ್ತದೆ. ಎರಡೂ ಕಡೆ ಅಂಕಿ ಒಂದೇ ಥರ, 10, 20, 30.

ನಾನು ಮರದ ಕೆಳಗಿನ ಇಳಿಜಾರಿನಲ್ಲಿ ನಿಂತಿದ್ದೆ. ಗೆಳತಿ ಟೇಪಿನ ತುದಿಯನ್ನು ಬುಡಕ್ಕೆ ಹಿಡಿದಿದ್ದಳು. 20 ಮೀಟರ್. ತುದಿ 45 ಡಿಗ್ರಿ. ಬುಡ 9 ಡಿಗ್ರಿ. ಮರ ಗುಡ್ಡದ ಮೇಲ್ಭಾಗದಲ್ಲಿದ್ದುದರಿಂದ ಬುಡ ನೋಡಲೂ ನಾನು ತಲೆ ಎತ್ತಿದ್ದೆ. ಆದರೆ ಅಣ್ಣನ ಕೋಷ್ಟಕದಂತೆ ನಾನೂ ಗೆರೆ ಹಾಕಿಕೊಂಡು ಹೋಗಿದ್ದೆನಲ್ಲ, ಅದರಲ್ಲಿ "ಬುಡದ ಕೋನ" ಎಂಬ ಕಾಲಂ ಇತ್ತು, ಮೇಲೋ ಕೆಳಗೋ ಎಂದು ಬರೆಯಲು ಜಾಗ ಇರಲಿಲ್ಲ. 9 ಎಂದು ಬರೆದೆ. ತಲೆ ಎತ್ತಿ ನೋಡಿದ್ದು ಅಲ್ಲಿಗೇ ಮರೆತುಹೋಯಿತು. ಸಂಜೆ ಹಾಸ್ಟೆಲ್ಲಿನಲ್ಲಿ ಕೂತು ಲೆಕ್ಕ ಮಾಡಿದೆ:

```
20 × (tan 45° + tan 9°) = 20 × (1 + 0.158) = 23.17
```

23 ಮೀಟರ್. ಕ್ಯಾಲ್ಕುಲೇಟರ್ ಹೇಳಿತು, ನಾನು ಬರೆದೆ.

ಅದೇ ಮರವನ್ನು ಗೆಳತಿ ಮೇಲಿನ ಕಡೆಯಿಂದ ಅಳೆದಿದ್ದಳು. ಅವಳದೂ 20 ಮೀಟರ್ ಟೇಪು. ತುದಿ 28 ಡಿಗ್ರಿ, ಬುಡ 17. ಅವಳ ಲೆಕ್ಕದಲ್ಲಿ ಮರ 16.75 ಮೀಟರ್. ಒಂದೇ ಮರ, ಒಂದೇ ಮಧ್ಯಾಹ್ನ, ಒಂದೇ ಸೂತ್ರ. ಆರೂವರೆ ಮೀಟರ್ ವ್ಯತ್ಯಾಸ! ನೀನು ತುದಿ ಅಂತ ಹಿಂದಿನ ಮರದ ತುದಿ ನೋಡಿದ್ದೀ ಅಂತ ಅವಳು, ನಿನಗೆ ಗುಳ್ಳೆ ನಿಲ್ಲಿಸೋಕೆ ಬರಲ್ಲ ಅಂತ ನಾನು. ಊಟದ ಹೊತ್ತಿಗೂ ಮಾತಿಲ್ಲ.

ಕೊನೆಗೆ ನಾವು ಏನು ಮಾಡಿದೆವು ಗೊತ್ತಾ? ಎರಡನ್ನೂ ಕೂಡಿಸಿ ಅರ್ಧ ಮಾಡಿದೆವು. 19.96. ಬಹಳ ಸಮಾಧಾನವಾಯಿತು. ಸಬ್ಮಿಷನ್ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಸರಾಸರಿಯಷ್ಟು ನೆಮ್ಮದಿ ಕೊಡುವ ವಸ್ತು ಇನ್ನೊಂದಿಲ್ಲ. ಆದರೆ ಸರಾಸರಿ ತೆಗೆಯುವುದು ಸಣ್ಣಪುಟ್ಟ ಕೈತಪ್ಪುಗಳಿಗೆ, ಒಂದು ಸಲ ಸ್ವಲ್ಪ ಹೆಚ್ಚು, ಇನ್ನೊಂದು ಸಲ ಸ್ವಲ್ಪ ಕಡಿಮೆ ಬಂದಾಗ. ಎರಡರಲ್ಲಿ ಒಂದು ಪೂರ್ತಿ ತಪ್ಪಾಗಿದ್ದರೆ ಸರಾಸರಿ ತೆಗೆದು ಸಿಗುವುದು ಅರ್ಧ ತಪ್ಪು.

ರೆಕಾರ್ಡ್ ವಾಪಸ್ ಬಂದಾಗ 19.96ರ ಸುತ್ತ ಕೆಂಪು ವೃತ್ತ. ಪಕ್ಕದಲ್ಲಿ ಒಂದೇ ಸಾಲು: "ಎಲ್ಲಿ ನಿಂತಿದ್ದೆ?"

ಉತ್ತರ ಹೇಳಲು ಸರ್ ಹತ್ತಿರ ಹೋದೆ. ಅವರು ಸೂತ್ರದ ಬಗ್ಗೆ ಏನೂ ಕೇಳಲಿಲ್ಲ. ಬೋರ್ಡಿನ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು, ಗುಡ್ಡ. ಮೇಲೆ ಒಂದು ಕಡ್ಡಿ, ಮರ. ಕೆಳಗೆ ಒಂದು ಚುಕ್ಕೆ. "ಇದು ನಿನ್ನ ಕಣ್ಣು. ಅಡ್ಡಗೆರೆ ಎಳಿ" ಅಂದರು. ಚುಕ್ಕೆಯಿಂದ ಮಟ್ಟಸವಾಗಿ ಗೆರೆ ಎಳೆದೆ. ಅದು ಮರಕ್ಕೆ ತಗುಲಲೇ ಇಲ್ಲ, ಬುಡಕ್ಕಿಂತ ಕೆಳಗೆ ಮಣ್ಣಿನೊಳಗೆ ಹೋಯಿತು. ಚಾಕ್‌ಪೀಸ್ ಕೈಯಲ್ಲಿ ಹಿಡಿದು ನಿಂತುಬಿಟ್ಟೆ.

ಸಮತಟ್ಟು ನೆಲದಲ್ಲಿ ಕಣ್ಣಿನ ಮಟ್ಟದ ಗೆರೆ ಮರವನ್ನು ಎರಡು ಭಾಗ ಮಾಡುತ್ತದೆ. ಗೆರೆಗಿಂತ ಮೇಲಿನ ತುಂಡು d × tan a, ಕೆಳಗಿನ ತುಂಡು d × tan b. ಎರಡನ್ನೂ ಕೂಡಿಸಿದರೆ ಮರ. ಅದಕ್ಕೇ ಪ್ಲಸ್. ನಾನು ನಿಂತಲ್ಲಿ ಬುಡವೇ ಗೆರೆಗಿಂತ ಮೇಲಿತ್ತು. ಗೆರೆಯಿಂದ ತುದಿಯವರೆಗಿನ ಎತ್ತರ 20 ಮೀಟರ್, ಅದರಲ್ಲಿ ಮೊದಲ ಮೂರು ಮೀಟರ್ ಮರವೇ ಅಲ್ಲ, ಗುಡ್ಡ. ಅದನ್ನು ಕಳೆಯಬೇಕಿತ್ತು, ನಾನು ಕೂಡಿಸಿದೆ. ಮೂರು ಮೀಟರ್ ಗುಡ್ಡವನ್ನು ಬಿಡುವ ಬದಲು ಎರಡು ಸಲ ಸೇರಿಸಿದ ಹಾಗಾಯಿತು. ಆರೂವರೆ ಮೀಟರ್ ಎಲ್ಲಿಂದ ಬಂತು ಅಂತ ಈಗ ಹೊಳೆಯಿತು ತಾನೆ? ಗೆಳತಿ ಮೇಲೆ ನಿಂತಿದ್ದಳು, ಅವಳಿಗೆ ಬುಡ ಕಣ್ಣಿಗಿಂತ ಕೆಳಗೆ, ತುದಿ ಮೇಲೆ. ಅವಳಿಗೆ ಪ್ಲಸ್ ಸರಿಯಾಗಿತ್ತು. ಸರಿಯಾಗಿತ್ತು ಅಂದರೂ ಅವಳಿಗೆ ಗೊತ್ತಿದ್ದು ಅಲ್ಲ, ನಿಂತ ಜಾಗ ಅವಳನ್ನು ಕಾಪಾಡಿತು.

ನನಗೆ ಅಣ್ಣನ ಮೇಲೆ ಸಿಟ್ಟು ಬಂದಿತ್ತು. ತಪ್ಪು ಸೂತ್ರ ಕೊಟ್ಟಿದ್ದಾನೆ ಅಂತ. ಪೋನ್ ಮಾಡುವ ಮೊದಲು ಅವನ 24 ಮರಗಳ ಕೋಷ್ಟಕವನ್ನು ಇನ್ನೊಮ್ಮೆ ತೆಗೆದು ನೋಡಿದೆ, ಅವನ ತಪ್ಪು ಎಷ್ಟು ಅಂತ ಹೇಳಿ ಕೆಣಕೋಣ ಅಂತ. ಆಗ ಒಂದು ವಿಚಿತ್ರ ಕಂಡಿತು. ಅಷ್ಟು ದಿನದಿಂದ ಅದೇ ಪುಟ ನೋಡುತ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲ ಮರಕ್ಕೂ ದೂರ 20 ಮೀಟರ್, ಮತ್ತು ಎಲ್ಲ ಮರಕ್ಕೂ ಬುಡದ ಕೋನ ನಾಲ್ಕು, ನಾಲ್ಕೂವರೆ, ನಾಲ್ಕು, ನಾಲ್ಕೂವರೆ. ತುದಿಯ ಕೋನ ಮಾತ್ರ ಬೇರೆ ಬೇರೆ.

ನೀನೇ ಲೆಕ್ಕ ಹಾಕಿ ನೋಡು. ನೆಲದಿಂದ ನಮ್ಮ ಕಣ್ಣಿನ ಎತ್ತರ ಸುಮಾರು 1.5 ಮೀಟರ್. ಪೂರ್ತಿ ಸಮತಟ್ಟಾದ ನೆಲದಲ್ಲಿ 20 ಮೀಟರ್ ದೂರದ ಮರದ ಬುಡ ನೋಡಿದರೆ ಕೋನ ಎಷ್ಟು ಬರಬೇಕು? 1.5 ಅನ್ನು 20ರಿಂದ ಭಾಗಿಸಿದರೆ 0.075, ಅಷ್ಟು ಟ್ಯಾನ್ ಇರುವ ಕೋನ 4.3 ಡಿಗ್ರಿ. ಅಂದರೆ ಅಣ್ಣ ಅಳೆದ 24 ಮರಗಳೂ ಮಟ್ಟಸ ನೆಲದಲ್ಲಿದ್ದವು. ಪೋನ್ ಮಾಡಿದಾಗ ಕೆಣಕುವ ಬದಲು ಇದನ್ನೇ ಕೇಳಿದೆ. ನಕ್ಕ. "ಹೌದು ಕಣಮ್ಮಾ, ನಮ್ಮನ್ನ ಇಳಿಜಾರಿಗೆ ಬಿಡಲಿಲ್ಲ, ಹಿಂದಿನ ದಿನ ಮಳೆ ಬಂದು ಜಾರ್ತಿತ್ತು. ಕಾಫಿ ಕಣದ ಸುತ್ತ ಇದ್ದ ಮರಗಳನ್ನ ಅಳೆಸಿದ್ರು" ಅಂದ.

ಕಾಫಿ ಒಣಗಿಸುವ ಕಣ! ಇಡೀ ತೋಟದಲ್ಲಿ ಮಟ್ಟಸವಾಗಿರುವ ಜಾಗ ಅದೊಂದೇ. ಅವನ ಸೂತ್ರ ತಪ್ಪಲ್ಲ. ಕಣದ ಅಂಚಿನಲ್ಲಿ ನಿಂತವನಿಗೆ ಅದು ನೂರಕ್ಕೆ ನೂರು ಸರಿ. ಅವನು ತನಗಾಗಿ ಬರೆದುಕೊಂಡ ನೋಟ್ಸು ಅದು, ತಾನು ಎಲ್ಲಿ ನಿಂತಿದ್ದೆ ಅಂತ ತನಗೇ ತಾನೇ ಬರೆದುಕೊಳ್ಳುವ ಅಗತ್ಯ ಅವನಿಗೇನಿತ್ತು? ಜಾಗದ ನೆನಪು ಅವನ ತಲೆಯಲ್ಲಿ ಉಳಿಯಿತು, ಪ್ಲಸ್ ಚಿಹ್ನೆ ಮಾತ್ರ ಪುಸ್ತಕದ ಜೊತೆ ನನ್ನ ಕೈಗೆ ಬಂತು.

ಅಂದಿನಿಂದ ಯಾರ ನೋಟ್ಸ್ ಸಿಕ್ಕಿದರೂ ನಾನು ಮೊದಲು ಸೂತ್ರ ನೋಡುವುದಿಲ್ಲ, ಅವರ ಅಂಕಿಗಳನ್ನು ನೋಡುತ್ತೇನೆ. ಎಲ್ಲ ಸಾಲಿನಲ್ಲೂ ಬದಲಾಗದೆ ಕೂತಿರುವ ಅಂಕಿ ಯಾವುದು? ಅಲ್ಲಿ ಅವರು ಬರೆಯದೆ ಬಿಟ್ಟ ಮಾತೊಂದು ಇರುತ್ತದೆ.

ಇನ್ನೊಂದು ವಿಷಯ ಅದೇ ಸೂತ್ರದಲ್ಲಿ ಬಚ್ಚಿಟ್ಟುಕೊಂಡಿತ್ತು, ಅದು ಸರ್ ಎಳೆದ ಚಿತ್ರದಿಂದಲೇ ಹೊರಬಂತು. d ಅಂದರೆ ದೂರ ಅಂತ ಬರೆದಿದೆ. ಯಾವ ದೂರ? ಚಿತ್ರದಲ್ಲಿ ಅದು ಅಡ್ಡಗೆರೆಯ ಉದ್ದ, ಮಟ್ಟಸ ದೂರ. ನಾವು ಟೇಪು ಹಾಸಿದ್ದು ಇಳಿಜಾರಿನ ಮೇಲೆ. ಕಣದಲ್ಲಿ ಎರಡೂ ಒಂದೇ, ಹಾಗಾಗಿ ಅಣ್ಣನಿಗೆ ಈ ಪ್ರಶ್ನೆಯೇ ಹುಟ್ಟಲಿಲ್ಲ.

ಮುಂದಿನ ವಾರ ಸರ್ ನಮ್ಮಿಬ್ಬರನ್ನೂ ಮತ್ತೆ ಅದೇ ತೋಟಕ್ಕೆ ಕಳಿಸಿದರು. ಶಿಕ್ಷೆ ಅಂದುಕೊಂಡು ಹೋದೆವು. ಈ ಸಲ ಇಳಿಜಾರಿನ ಕೋನವನ್ನೂ ಅಳೆದೆವು. ಅದಕ್ಕೆ ಸುಲಭದ ದಾರಿ ಹೇಳಿಕೊಡುತ್ತೇನೆ, ನೋಟ್ಸಿನಲ್ಲಿ ಇದು ಇರಲಿಲ್ಲ, ಈಗ ನಾನು ಪೆನ್ಸಿಲ್‌ನಲ್ಲಿ ಸೇರಿಸಿದ್ದೇನೆ. ನಿನ್ನ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಮರದ ಕಾಂಡಕ್ಕೆ ಒಂದು ರಿಬ್ಬನ್ ಕಟ್ಟು. ನಿಂತ ಜಾಗದಿಂದ ಆ ರಿಬ್ಬನ್ನಿಗೆ ಗುರಿ ಇಟ್ಟು ಓದು. ನಿನ್ನ ನೋಟದ ಗೆರೆ ಮತ್ತು ನೆಲ ಎರಡೂ ಒಂದೇ ಓರೆಯಲ್ಲಿ ಹೋಗುವುದರಿಂದ ಓದಿದ ಕೋನವೇ ಇಳಿಜಾರಿನ ಕೋನ. ನಮಗೆ 13 ಡಿಗ್ರಿ ಬಂತು. ಟೇಪಿನ ಅಳತೆಯನ್ನು ಅದರ ಕಾಸ್‌ನಿಂದ ಗುಣಿಸಿದರೆ ಮಟ್ಟಸ ದೂರ.

```
20 × cos 13°             = 19.49
19.49 × (tan 45° − tan 9°)  = 16.40   ಕೆಳಗಿನಿಂದ, ನಾನು
19.49 × (tan 28° + tan 17°) = 16.32   ಮೇಲಿನಿಂದ, ಅವಳು
```

ಒಂದು ಗೇಣಿಗಿಂತ ಕಡಿಮೆ ವ್ಯತ್ಯಾಸ. ಜಗಳ ಅಲ್ಲಿಗೆ ಮುಗಿಯಿತು.

ಗಮನಿಸು, ಎರಡು ತಪ್ಪುಗಳ ತೂಕ ಒಂದೇ ಅಲ್ಲ. ಚಿಹ್ನೆಯ ತಪ್ಪು ನನಗೆ ಆರೂಕಾಲು ಮೀಟರ್ ಹತ್ತಿರ ಹೊಡೆತ ಕೊಟ್ಟಿತು. ಟೇಪಿನ ತಪ್ಪು ಅರ್ಧ ಮೀಟರನ್ನೂ ಮುಟ್ಟಲಿಲ್ಲ. ಆದರೆ ಮೊದಲನೆಯದು ಬೆತ್ತಲೆ ನಿಂತ ತಪ್ಪು, ಇನ್ನೊಂದು ಕಡೆಯಿಂದ ಅಳೆದ ಕೂಡಲೇ ಸಿಕ್ಕಿಬೀಳುತ್ತದೆ. ಎರಡನೆಯದು ಮೇಲಿನಿಂದ ಅಳೆದರೂ ಕೆಳಗಿನಿಂದ ಅಳೆದರೂ ಎರಡೂ ಕಡೆ ಮರವನ್ನು ಒಂದೇ ಪ್ರಮಾಣದಲ್ಲಿ ಉದ್ದ ಮಾಡುತ್ತದೆ, ಹಾಗಾಗಿ ಎರಡು ಅಳತೆ ಹೊಂದಿಕೆಯಾದರೂ ಗೊತ್ತಾಗುವುದಿಲ್ಲ. ಇಳಿಜಾರು ಕಡಿದಾದಷ್ಟೂ ಇದು ಬೆಳೆಯುತ್ತದೆ: 13 ಡಿಗ್ರಿಯಲ್ಲಿ ನೂರಕ್ಕೆ ಎರಡೂವರೆಯಷ್ಟು, 30 ಡಿಗ್ರಿಯಲ್ಲಿ ನೂರಕ್ಕೆ ಹದಿನೈದು. ನಮ್ಮ ಕಡೆ 30 ಡಿಗ್ರಿ ಇಳಿಜಾರಿಗೆ ಬರವೇ?

ಅವತ್ತು ಇನ್ನೊಂದು ಅದೃಷ್ಟ ಇತ್ತು. ತೋಟದವರು ನೆರಳು ಕಡಿಮೆ ಮಾಡಲು ಕೆಲವು ಸಿಲ್ವರ್ ಓಕ್ ಕಡಿಸುತ್ತಿದ್ದರು, ಅದರಲ್ಲಿ ನಮ್ಮದೂ ಒಂದು. ರೈಟರ್‌ಗೆ ನಮ್ಮ ಕಥೆ ಹೇಳಿದೆವು. "ಮೊನ್ನೆ ಎಷ್ಟು ಅಂದ್ರಿ, ಇಪ್ಪತ್ಮೂರಾ? ಕೊಂಬೆ ಕಡಿದು ಮರಗಸಿ ಮಾಡೋ ಹುಡುಗರು ವರ್ಷಾ ಹತ್ತೋ ಮರ ಇದು. ಅಷ್ಟೆತ್ತರ ಇದ್ರೆ ಅವ್ರೇ ಹೆಚ್ಚಿಗೆ ಕೂಲಿ ಕೇಳ್ತಿದ್ರು" ಎಂದು ನಕ್ಕರು. ಮಧ್ಯಾಹ್ನ ಮರ ಬಿದ್ದ ಮೇಲೆ ನೆಲದಲ್ಲಿ ಟೇಪು ಹಾಸಿದೆವು. ಕಾಂಡ ತುದಿಯವರೆಗೆ 15.85, ನಿಂತ ಬೊಡ್ಡೆ 0.35, ಒಟ್ಟು 16.20 ಮೀಟರ್. ತುದಿಯ ಒಂದಿಷ್ಟು ಭಾಗ ಬೀಳುವಾಗ ಮುರಿದು ಕಾಫಿ ಗಿಡಗಳೊಳಗೆ ಹೋಗಿತ್ತು, ಹುಡುಕಿದರೂ ಸಿಗಲಿಲ್ಲ. ಆ ಸಂಖ್ಯೆ ಬರೆದ ಚೀಟಿ ಒಂಬತ್ತನೇ ಪುಟಕ್ಕೆ ಅಂಟಿಸಿದ್ದೇನೆ, ಕಿತ್ತು ಹಾಕಬೇಡ.

ಕಡಿಯುವ ಮರ ಸಿಗದಿದ್ದರೂ ಪರವಾಗಿಲ್ಲ. ಎತ್ತರ ಗೊತ್ತಿರುವ ಏನಾದರೂ ಸಾಕು. ಹಾಸ್ಟೆಲ್ಲಿನ ನೀರಿನ ಟ್ಯಾಂಕಿನ ಕಟ್ಟೆಯಿಂದ ಒಂದು ಹಗ್ಗ ಇಳಿಬಿಟ್ಟು ಅಳೆದುಕೋ, ಆಮೇಲೆ ಅದನ್ನೇ ಮೂರು ಕಡೆಯಿಂದ ಏಬ್ನಿಯಲ್ಲಿ ಅಳೆ. ನಿನ್ನ ಕೈ, ಉಪಕರಣ, ಸೂತ್ರ ಮೂರೂ ಒಂದೇ ಸಲಕ್ಕೆ ಪರೀಕ್ಷೆಯಾಗುತ್ತವೆ.

ಈಗ ಹದಿನೇಳನೇ ಪುಟ. ಅಲ್ಲಿ ನಾಟಾದ ಘನ ಅಳತೆ ಇದೆ. ಇದರಲ್ಲಿ ನಾನಲ್ಲ, ನಮ್ಮ ಬ್ಯಾಚಿನ ಅರ್ಧ ಜನ ಬಿದ್ದರು. ಅಣ್ಣ ಬರೆದದ್ದು ಹೀಗೆ: ಮಧ್ಯದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸು, 144ರಿಂದ ಭಾಗಿಸು. ನಮ್ಮ ದಿಮ್ಮಿಯ ಸುತ್ತಳತೆ 0.96 ಮೀಟರ್, ಉದ್ದ 6 ಮೀಟರ್. ಹೇಳಿದ ಹಾಗೇ ಮಾಡಿದರೆ ಉತ್ತರ 0.0024 ಘನ ಮೀಟರ್. ಘನ ಮೀಟರ್ ಅಂದರೆ ಸಾವಿರ ಲೀಟರ್, ಹಾಗಾದರೆ ಈ ದಿಮ್ಮಿ ಎರಡೂವರೆ ಲೀಟರ್ ಕೂಡ ಇಲ್ಲ. ಆರು ಮೀಟರ್ ಉದ್ದದ ಮರ, ಒಂದು ದೊಡ್ಡ ನೀರಿನ ಬಾಟಲಿಯಷ್ಟು! ನಾಲ್ಕು ಜನ ಹೊರಲಾರದೆ ಉರುಳಿಸಿದ್ದ ದಿಮ್ಮಿ ಅದು. ಆದರೂ ರೆಕಾರ್ಡಿನಲ್ಲಿ ದಶಮಾಂಶ ಸಮೇತ ಎಷ್ಟೋ ಜನ ಬರೆದಿದ್ದರು.

144 ಎಲ್ಲಿಂದ ಬಂತು ಅಂದರೆ, ಸಾಮಿಲ್ಲುಗಳಲ್ಲಿ ಸುತ್ತಳತೆಯನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿಯುತ್ತಾರೆ. ಒಂದು ಚದರಡಿಗೆ 144 ಚದರಿಂಚು. ಇಂಚನ್ನು ಅಡಿಗೆ ತರಲು ಆ ಭಾಗಾಕಾರ. ನಮ್ಮ ದಿಮ್ಮಿಯನ್ನೇ ಹಾಗೆ ಮಾಡಿದರೆ ಸುತ್ತಳತೆ 37.8 ಇಂಚು, ಉದ್ದ 19.7 ಅಡಿ ಹತ್ತಿರ, ಉತ್ತರ ಸುಮಾರು 12.2 ಘನ ಅಡಿ. ಮೀಟರಿನಲ್ಲಿ ಅಳೆದರೆ 144 ಬೇಡವೇ ಬೇಡ, 0.346 ಘನ ಮೀಟರ್, ಎರಡೂ ಒಂದೇ. ಅಣ್ಣ ಮರದ ಡಿಪೋದಲ್ಲಿ ಟ್ರೈನಿಂಗ್ ಮಾಡುವಾಗ ಆ ಪುಟ ಬರೆದಿದ್ದನಂತೆ. ಮತ್ತೆ ಅದೇ ಕಥೆ, ಜಾಗ ಬದಲಾಗಿತ್ತು, ಅಂಕಿ ಉಳಿದಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು 0.346 ಎಂದು ಬರೆದು ಸುಮ್ಮನಾಗುತ್ತಿದ್ದೆ. ಆದರೆ ಒಮ್ಮೆ ಏಟು ತಿಂದವಳಿಗೆ ಎಲ್ಲದರ ಮೇಲೂ ಅನುಮಾನ. ನಾಲ್ಕರಿಂದ ಭಾಗಿಸಿ ವರ್ಗ ಮಾಡುವುದೇಕೆ? ದಿಮ್ಮಿ ದುಂಡಗಿದೆ, ಚೌಕ ಅಲ್ಲವಲ್ಲ. ಒಂದು ದಾರ ತೆಗೆದುಕೊಂಡು ದಿಮ್ಮಿಗೆ ಸುತ್ತಿ ಕತ್ತರಿಸಿದೆ. ಅದೇ ದಾರವನ್ನು ನೆಲದ ಮೇಲೆ ನಾಲ್ಕು ಮೊಳೆಗೆ ಚೌಕವಾಗಿ ಕಟ್ಟಿದೆ. ದಾರ ಅಷ್ಟೇ, ಆದರೆ ಚೌಕದೊಳಗಿನ ಜಾಗ ದುಂಡಿನ ಒಳಗಿದ್ದಷ್ಟಿಲ್ಲ. ದುಂಡಿಗೆ ಹಿಡಿಸಿದ್ದರಲ್ಲಿ ನೂರಕ್ಕೆ 78.5 ಪಾಲು ಮಾತ್ರ ಚೌಕಕ್ಕೆ ಹಿಡಿಸುತ್ತದೆ. ದುಂಡು ಎಂದೇ ಲೆಕ್ಕ ಹಿಡಿದರೆ ನಮ್ಮ ದಿಮ್ಮಿ 0.44 ಘನ ಮೀಟರ್. ಸೂತ್ರ ಹೇಳಿದ್ದು 0.346. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಲ್ಲಿ ಹೋಯಿತು?

ಹೋಗಿದ್ದಲ್ಲ, ಬಿಟ್ಟದ್ದು. ದುಂಡು ದಿಮ್ಮಿಯನ್ನು ಹಲಗೆ ಮಾಡುವಾಗ ಬದಿಯ ಪಟ್ಟಿ, ಗರಗಸದ ಹೊಟ್ಟು ಎಂದು ಒಂದಿಷ್ಟು ಹೋಗುತ್ತದೆ. ಮರ ಕೊಳ್ಳುವವನ ಲೆಕ್ಕಕ್ಕೆ ಆ ನಷ್ಟವನ್ನು ಮೊದಲೇ ಕಳೆದು ಇಟ್ಟ ಹಾಗೆ ಈ ಕಾಲು ಸುತ್ತಳತೆಯ ಸೂತ್ರ ಕೆಲಸ ಮಾಡುತ್ತದೆ. ವ್ಯಾಪಾರಕ್ಕೆ ಸರಿ. ಆದರೆ "ಈ ತೋಟದಲ್ಲಿ ಒಟ್ಟು ಮರದ ರಾಶಿ ಎಷ್ಟು" ಎಂಬ ಪ್ರಶ್ನೆಗೆ ಅದೇ ಸೂತ್ರ ಹಾಕಿದರೆ ಉತ್ತರ ಐದರಲ್ಲಿ ಒಂದು ಪಾಲು ಕಡಿಮೆ ಬರುತ್ತದೆ. ಪರೀಕ್ಷೆಯಲ್ಲಿ ಎರಡನ್ನೂ ಕೇಳುತ್ತಾರೆ, ಪ್ರಶ್ನೆಯಲ್ಲಿ "ದುಂಡು ದಿಮ್ಮಿಯ ನಿಜವಾದ ಘನಫಲ" ಎಂದಿದೆಯಾ ನೋಡು. ಹಾಗಿದ್ದರೆ ಸುತ್ತಳತೆಯ ವರ್ಗವನ್ನು 4π ಇಂದ ಭಾಗಿಸಿ ಉದ್ದದಿಂದ ಗುಣಿಸಬೇಕು.

ಹಾಗಂತ ನೋಟ್ಸಿನಲ್ಲಿರುವುದನ್ನೆಲ್ಲ ಅನುಮಾನಿಸುತ್ತ ಕೂರಬೇಡ. ಅಣ್ಣನ ಪುಸ್ತಕದ ಅಂಚಿನಲ್ಲಿ ಚಿಕ್ಕಕ್ಷರದಲ್ಲಿ ಕೆಲವು ಮಾತುಗಳಿವೆ, ಅವು ಯಾವ ಪಠ್ಯಪುಸ್ತಕದಲ್ಲೂ ಸಿಗಲ್ಲ, ಅವನ್ನು ಕಣ್ಣುಮುಚ್ಚಿ ನಂಬು. "ಬೆಳಿಗ್ಗೆ ಮಂಜು ಕರಗೋವರೆಗೆ ಏಬ್ನಿ ಹೊರಗೆ ತೆಗೀಬೇಡ, ತುದಿ ಕಾಣಲ್ಲ." "ಗಾಳಿ ಬೀಸುವಾಗ ತುದಿಗೆ ಗುರಿ ಇಡಬೇಡ, ನಿಲ್ಲೋವರೆಗೆ ಕಾಯಿ." "ಹತ್ತಿರ ನಿಂತರೆ ನಿಜವಾದ ತುದಿ ಕಾಣಲ್ಲ, ಅಡ್ಡ ಕೊಂಬೆ ತುದಿಯ ಥರ ಕಾಣ್ತದೆ, ಮರದಷ್ಟು ದೂರ ಹಿಂದೆ ಹೋಗು." "ಟೇಪು ಕಾಫಿ ಗಿಡದ ಮೇಲಿಂದ ಹೋದ್ರೆ ಉಬ್ಬಿಕೊಳ್ತದೆ, ಸಾಲಿನ ನಡುವೆ ತಗೊಂಡು ಹೋಗು." ಈ ಕೊನೆಯದನ್ನು ನಾನು ಓದಿದ್ದೆ, ಆದರೂ ಮೊದಲ ದಿನ ಮೂರು ಗಿಡಗಳ ಮೇಲೆ ಟೇಪು ಹಾಸಿದೆ. ಇವೆಲ್ಲ ಅವನು ನಿಂತು, ಒದ್ದೆಯಾಗಿ, ಜಿಗಣೆ ಕಚ್ಚಿಸಿಕೊಂಡು ಬರೆದದ್ದು. ಸೂತ್ರವನ್ನು ನೀನು ಚಿತ್ರ ಬರೆದು ಮತ್ತೆ ಹುಟ್ಟಿಸಬಹುದು, ಇವನ್ನು ಆಗಲ್ಲ.

ಒಂದು ಮಾತನ್ನು ಮಾತ್ರ ನಾನು ಸೇರಿಸಿದ್ದೇನೆ. ಎದೆಮಟ್ಟದ ಸುತ್ತಳತೆಗೆ ಅವನು 1.37 ಮೀಟರ್ ಎಂದು ಬರೆದಿದ್ದಾನೆ, ನಮ್ಮಲ್ಲಿ ಹಾಗೇ ಹಿಡಿಯುವುದು, ನಾಲ್ಕೂವರೆ ಅಡಿ. ಹೊರದೇಶದ ಪುಸ್ತಕ ತೆಗೆದರೆ 1.3 ಎಂದು ಕಂಡೀತು, ಗಾಬರಿಯಾಗಬೇಡ. ಆದರೆ ಇಳಿಜಾರಿನಲ್ಲಿ ಆ 1.37 ಅನ್ನು ಬುಡದ ಯಾವ ಬದಿಯಿಂದ ಅಳೆಯಬೇಕು? ಗುಡ್ಡದ ಮೇಲಿನ ಬದಿಯಿಂದ. ಕಣದಲ್ಲಿ ನಿಂತವನಿಗೆ ಮೇಲಿನ ಬದಿ ಎಂಬುದೇ ಇರಲಿಲ್ಲ.

ನೀನು ಬರೆಯುವಾಗ ಹೀಗೆ ಮಾಡು. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಮೊದಲು ನೆಲ ಬರೆ, ಆಮೇಲೆ ಮರ, ಆಮೇಲೆ ಕಣ್ಣು, ಕಣ್ಣಿನಿಂದ ಅಡ್ಡಗೆರೆ. ಕೂಡಬೇಕೋ ಕಳೆಯಬೇಕೋ ಅಂತ ಚಿತ್ರವೇ ಹೇಳುತ್ತದೆ. ಅದಾದ ಮೇಲೆ ನೋಟ್ಸ್ ತೆಗೆ, ಅಣ್ಣನದಕ್ಕೂ ನಿನ್ನದಕ್ಕೂ ತಾಳೆ ಬಿದ್ದರೆ ಸರಿ, ಬೀಳದಿದ್ದರೆ ಅವನು ಎಲ್ಲಿ ನಿಂತಿದ್ದ, ನೀನು ಎಲ್ಲಿ ನಿಂತಿದ್ದೀ ಅಂತ ಕೇಳಿಕೋ. ಕೋಷ್ಟಕದಲ್ಲಿ ಬುಡದ ಕೋನದ ಪಕ್ಕ ಇನ್ನೊಂದು ಸಣ್ಣ ಕಾಲಂ ಎಳಿ, ಮೇಲೆ ಅಥವಾ ಕೆಳಗೆ ಅಂತ ಬರೆಯಲು. ತೋಟದಲ್ಲಿ ನಿಂತಾಗಲೇ ಬರೆ. ಹಾಸ್ಟೆಲ್ಲಿಗೆ ಬಂದ ಮೇಲೆ ನೆನಪಾಗಲ್ಲ, ನನಗೂ ಆಗಿರಲಿಲ್ಲ.

ಹತ್ತನೇ ಪುಟ ಖಾಲಿ ಬಿಟ್ಟಿದ್ದೇನೆ, ಅದು ಮರೆತು ಬಿಟ್ಟದ್ದಲ್ಲ. ನಾವು ಬುಡ ಮೇಲಿದ್ದಾಗ ಅಳೆದೆವು, ಬುಡ ಕೆಳಗಿದ್ದಾಗ ಅಳೆದೆವು. ಮೂರನೆಯದು ಒಂದಿದೆ, ಮಡಿಕೇರಿ ಘಾಟಿನ ರಸ್ತೆಯಂಚಿನಲ್ಲಿ ನಿಂತರೆ ಕಾಣುತ್ತದಲ್ಲ, ಕೆಳಗಿನ ಕಣಿವೆಯ ಮರದ ತುದಿಯೂ ನಮ್ಮ ಕಾಲಿಗಿಂತ ಕೆಳಗಿರುವುದು. ಆಗ ಎರಡು ಕೋನವೂ ಕೆಳಗೆ. ಅದನ್ನು ನಾನು ಯಾವತ್ತೂ ಅಳೆದಿಲ್ಲ, ಅಣ್ಣನೂ ಅಳೆದಿಲ್ಲ. ಚಿತ್ರ ಬರೆದು ಸೂತ್ರ ತೆಗೆ, ಒಂದು ಮರ ಅಳೆ, ಸಾಧ್ಯವಾದರೆ ಅದೇ ಮರವನ್ನು ಕೆಳಗಿಳಿದು ಇನ್ನೊಮ್ಮೆ ಅಳೆದು ಹತ್ತನೇ ಪುಟದಲ್ಲಿ ಬರೆದಿಡು. ನಿಂತ ಜಾಗ ಬರೆಯಲು ಮರೆಯಬೇಡ. ಏಬ್ನಿಯ ಚರ್ಮದ ಚೀಲ ನನ್ನ ಹತ್ತಿರವೇ ಉಳಿದಿದೆ, ಶನಿವಾರ ವಿರಾಜಪೇಟೆಗೆ ಬರುತ್ತೇನೆ, ಆಗ ತಂದುಕೊಡುತ್ತೇನೆ.

ನಿನ್ನ ಅಕ್ಕ